ಗಡುವು ಕೇಳುವ ಮೊದಲು ಫ್ರೇಮ್ ಎಣಿಸಿ

ರೆಂಡರ್ ಅರ್ಧಕ್ಕೆ ನಿಂತ ಗಾಬರಿಯಲ್ಲಿ ಗ್ರಾಹಕರಿಗೆ "ಇನ್ನೆರಡು ದಿನ ಕೊಡಿ" ಎಂದು ಇಮೇಲ್ ಕಳಿಸಿಬಿಡಬೇಡಿ. ಅಂದಾಜಿನ ಗಡುವು ಮತ್ತೆ ತಪ್ಪಿದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ. 30 ಸೆಕೆಂಡಿನ ಅನಿಮೇಷನ್ ಎಂದರೆ, ಸೆಕೆಂಡಿಗೆ 25ರಂತೆ, 750 ಫ್ರೇಮ್. 450 ಮುಗಿದಿದ್ದರೆ ಉಳಿದದ್ದು 300. ಒಂದಕ್ಕೆ 12 ನಿಮಿಷವಾದರೆ ಒಂದು ಕಂಪ್ಯೂಟರಿಗೆ 60 ಗಂಟೆಯ ಕೆಲಸ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದೆ ನಿಂತಿದ್ದರೆ ಟೆಕ್ಸ್ಚರ್‌ಗಳ ಗಾತ್ರ ತಗ್ಗಿಸಿ, ನಿಂತ ಫ್ರೇಮನ್ನೇ ಮತ್ತೆ ರೆಂಡರ್ ಮಾಡಿ. ಅದು ಹಿಂದಿನ ಫ್ರೇಮಿಗೆ ಹೊಂದಿದರೆ ಮಾತ್ರ ದಿನಾಂಕ ಹೇಳಿ.

ಗ್ರಾಹಕರಿಗೆ ಇಷ್ಟೆಲ್ಲ ಏಕೆ ಎನ್ನಬಹುದು. ನಿಜ, ಕಾರಣಕ್ಕೆ ಒಂದೇ ವಾಕ್ಯ ಸಾಕು. ಲೆಕ್ಕ ನಿಮಗೆ, ವೇಳಾಪಟ್ಟಿ ಅವರಿಗೆ. ಹೀಗೆ ಬರೆಯಿರಿ: "ಮೆಮೊರಿ ಸಾಲದೆ ರೆಂಡರ್ ನಿಂತಿತ್ತು, ಸರಿಪಡಿಸಿದ್ದೇವೆ. ತಡಕ್ಕೆ ಕ್ಷಮೆಯಿರಲಿ. ಮುಗಿದಿರುವ 18 ಸೆಕೆಂಡು ಇಂದೇ, ಮಂಗಳವಾರ, ಕಳಿಸುತ್ತೇವೆ. ಉಳಿದ ರೆಂಡರ್ ಶುಕ್ರವಾರ ಬೆಳಿಗ್ಗೆ ಮುಗಿಯುತ್ತದೆ. ಪರಿಶೀಲಿಸಿ ಶನಿವಾರ ಸಂಜೆ 5ಕ್ಕೆ ಪೂರ್ತಿ ಫೈಲ್ ಕೊಡುತ್ತೇವೆ. ಈ ದಿನ ನಿಮಗೆ ಒಪ್ಪಿಗೆಯೇ?" ಹೆಚ್ಚು ದಿನ ಕೇಳಿದರೆ ಸಿಟ್ಟಾದಾರು ಎಂಬ ಅಂಜಿಕೆ ಸಹಜ. ಆದರೆ ಅವರೂ ಆ ದಿನವನ್ನು ನಂಬಿ ತಮ್ಮ ಬಿಡುಗಡೆಯನ್ನು ಹೊಂದಿಸಿಕೊಳ್ಳಬೇಕಲ್ಲ? ಅದಕ್ಕೇ ಪರಿಶೀಲನೆಯ ದಿನವನ್ನು ಬಿಟ್ಟು ಲೆಕ್ಕ ಹೇಳಬೇಡಿ.