ಒಂದರ ಮೂಲಗಳ ಮೊತ್ತವೇಕೆ ಸೊನ್ನೆ?

ತ್ರಿಕೋನಮಿತಿಯ ಅಭ್ಯಾಸಗಳಲ್ಲಿ ವಿದ್ಯಾರ್ಥಿಗಳು ಆಗಾಗ ಎದುರಿಸುವ ಲೆಕ್ಕವೊಂದಿದೆ:

cos 40° + cos 80° + cos 160° = 0 ಎಂದು ಸಾಧಿಸಿ.

ಸಾಧನೆ ಕಷ್ಟವೇನಲ್ಲ. ಮೊದಲ ಎರಡು ಪದಗಳನ್ನು ಕೂಡಿದರೆ 2 cos 60° cos 20°, ಎಂದರೆ cos 20° ದೊರೆಯುತ್ತದೆ. ಮೂರನೆಯ ಪದವು −cos 20°ಗೆ ಸಮ. ಎರಡೂ ಸೇರಿ ಸೊನ್ನೆಯಾಯಿತು. ಆದರೆ ಇಷ್ಟರಿಂದ ಜಿಜ್ಞಾಸುವಿಗೆ ತೃಪ್ತಿಯಾಗದು. 40, 80, 160 ಎಂಬ ಈ ಕೋನಗಳಲ್ಲಿ ಅಂಥ ವಿಶೇಷವೇನು? ಲೆಕ್ಕವನ್ನು ಕಟ್ಟಿದವರಿಗೆ ಇವು ಹೇಗೆ ಹೊಳೆದುವು? ಇದಕ್ಕೆ ಉತ್ತರವು ಸೂತ್ರಗಳ ಪಟ್ಟಿಯಲ್ಲಿಲ್ಲ. ತಿರುಗುವ ಒಂದು ಗಾಲಿಯಲ್ಲಿದೆ.

zⁿ = 1 ಎಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ವಾಸ್ತವ ಸಂಖ್ಯೆಗಳಲ್ಲಿ ಇದಕ್ಕೆ ಹೆಚ್ಚೆಂದರೆ ಎರಡು ಮೂಲಗಳು, 1 ಮತ್ತು −1. ಸಂಮಿಶ್ರ ಸಂಖ್ಯೆಗಳಿಗೂ ಎಡೆಗೊಟ್ಟರೆ ಮೂಲಗಳು n ಆಗುತ್ತವೆ. cos α + i sin α ಎಂಬ ಸಂಖ್ಯೆಯನ್ನು ಕಾಗದದ ಮೇಲೆ, ಕೇಂದ್ರದಿಂದ α ಕೋನದ ದಿಕ್ಕಿನಲ್ಲಿ ಎಳೆದ ಒಂದು ಮಾನ ಉದ್ದದ ಬಾಣವೆಂದು ಭಾವಿಸಬಹುದು. ಇಂಥ ಸಂಖ್ಯೆಯಿಂದ ಬೇರೊಂದು ಸಂಖ್ಯೆಯನ್ನು ಗುಣಿಸುವುದೆಂದರೆ ಅದರ ಬಾಣವನ್ನು α ಕೋನದಷ್ಟು ತಿರುಗಿಸುವುದೆಂದೇ ಅರ್ಥ. ಬಾಣದ ಉದ್ದ ಬದಲಾಗುವುದಿಲ್ಲ. ಆದುದರಿಂದ n ಸಲ ತಿರುಗಿಸಿದಾಗ ಸರಿಯಾಗಿ ಮೊದಲ ಸ್ಥಾನಕ್ಕೆ ಬಂದು ನಿಲ್ಲುವ ಕೋನವನ್ನು ಆರಿಸಿದರೆ ನಮ್ಮ ಸಮೀಕರಣದ ಮೂಲ ಸಿಕ್ಕಂತೆಯೇ. ಒಂದು ಸುತ್ತನ್ನು n ಸಮಭಾಗ ಮಾಡಿದಾಗ ಬರುವ ಬಾಣವನ್ನು ω ಎಂದು ಕರೆಯೋಣ. ಆಗ 1, ω, ω², … ωⁿ⁻¹ ಎಂಬುವೇ ಒಂದರ n ಮೂಲಗಳು. ಚಿತ್ರದಲ್ಲಿ ಇವು ಗಾಲಿಯ ಗುಂಬದಿಂದ ಸಮಾಂತರದಲ್ಲಿ ಹೊರಟ n ಅರಗಳಂತೆ ತೋರುತ್ತವೆ.

ಈ ಬಾಣಗಳೆಲ್ಲವನ್ನೂ ಕೂಡಿದರೆ ಏನು ಬರುತ್ತದೆ? n ಸಮಸಂಖ್ಯೆಯಾಗಿದ್ದರೆ ಪ್ರತಿಯೊಂದು ಅರಕ್ಕೂ ನೇರ ಎದುರಿನಲ್ಲಿ ಮತ್ತೊಂದು ಅರವಿರುತ್ತದೆ. ಜೋಡಿಜೋಡಿಯಾಗಿ ಅವು ಒಂದನ್ನೊಂದು ಅಳಿಸುತ್ತವೆ. ಅನೇಕ ವಿದ್ಯಾರ್ಥಿಗಳು ಇದನ್ನೇ ಕಾರಣವೆಂದು ಹೇಳಿ ಮುಗಿಸಿಬಿಡುತ್ತಾರೆ. ಐದು ಅರಗಳ ಗಾಲಿಯಲ್ಲಾದರೋ ಯಾವ ಅರಕ್ಕೂ ಎದುರಾಳಿಯಿಲ್ಲ, ಆದರೂ ಮೊತ್ತ ಸೊನ್ನೆಯೇ. ನಿಜವಾದ ಕಾರಣ ಬೇರೆ. ಇಡೀ ಗಾಲಿಯನ್ನು ಒಂದು ಅರದಷ್ಟು ತಿರುಗಿಸಿರಿ. ಪ್ರತಿ ಅರವೂ ಮುಂದಿನದರ ಸ್ಥಾನಕ್ಕೆ ಹೋಗುತ್ತದೆ, ಕಡೆಯದು ಮೊದಲನೆಯದರ ಸ್ಥಾನಕ್ಕೆ ಬರುತ್ತದೆ. ಗಾಲಿಯು ಮೊದಲಿದ್ದಂತೆಯೇ ಇದೆಯಾದ್ದರಿಂದ ಮೊತ್ತವೂ ಮೊದಲಿನದೇ. ಆದರೆ ಬಾಣಗಳೆಲ್ಲ ತಿರುಗಿದ ಮೇಲೆ ಅವುಗಳ ಮೊತ್ತವಾದ ಬಾಣವೂ ಅಷ್ಟೇ ತಿರುಗಿರಬೇಕಷ್ಟೆ! ತಿರುಗಿಯೂ ತಿರುಗದಂತಿರುವ ಬಾಣ ಯಾವುದು? ಉದ್ದವೇ ಇಲ್ಲದ ಬಾಣವೊಂದೇ. ಇದನ್ನೇ ಬೀಜಗಣಿತದಲ್ಲಿ ಬರೆದರೆ, ಮೊತ್ತವನ್ನು S ಎಂದಿಟ್ಟುಕೊಂಡು,

ωS = S, ಎಂದರೆ (ω − 1)S = 0

ಎಂದಾಗುತ್ತದೆ. ω ಎಂಬುದು 1 ಅಲ್ಲವಾದ್ದರಿಂದ S ಸೊನ್ನೆಯಾಗಲೇಬೇಕು.

ಕಡೆಯ ವಾಕ್ಯದಲ್ಲಿನ “1 ಅಲ್ಲವಾದ್ದರಿಂದ” ಎಂಬ ಮಾತನ್ನು ವಾಚಕರು ಲಘುವಾಗಿ ನೋಡಬಾರದು. zⁿ − 1 = 0 ಎಂಬಲ್ಲಿ zⁿ⁻¹ ಇರುವ ಪದವೇ ಇಲ್ಲ, ಆದ್ದರಿಂದ ಮೂಲಗಳ ಮೊತ್ತ ಸೊನ್ನೆ ಎಂದು ಹೇಳಿದರೂ ಸರಿಯೇ. ಆದರೆ ನಮಗೆ ತಿರುಗಿಸುವ ವಾದವೇ ಹೆಚ್ಚು ಪ್ರಿಯ; ಏಕೆಂದರೆ ಮೊತ್ತವು ಯಾವಾಗ ಸೊನ್ನೆಯಾಗದು ಎಂಬುದನ್ನೂ ಅದೇ ತಿಳಿಸುತ್ತದೆ.

ಮೊದಲು ಐದು ಅರಗಳ ಗಾಲಿಯಿಂದ ಒಂದು ಫಲವನ್ನು ಪಡೆಯೋಣ. ಅರಗಳ ಕೋನಗಳು 0°, 72°, 144°, 216°, 288°. ಬಾಣಗಳ ಮೊತ್ತ ಸೊನ್ನೆಯಾದರೆ ಅವುಗಳ ವಾಸ್ತವಾಂಶಗಳ, ಎಂದರೆ ಕೊಸೈನುಗಳ, ಮೊತ್ತವೂ ಸೊನ್ನೆ. 288°ಯ ಕೊಸೈನು 72°ಯದೇ, 216°ಯದು 144°ಯದೇ. ಆದುದರಿಂದ

1 + 2 cos 72° + 2 cos 144° = 0.

cos 72°ಯನ್ನು x ಎನ್ನೋಣ. 144° ಅದರ ಇಮ್ಮಡಿ ಕೋನವಾದ್ದರಿಂದ cos 144° = 2x² − 1. ಇದನ್ನು ಮೇಲಿನ ಸಮೀಕರಣದಲ್ಲಿ ಇಟ್ಟರೆ

4x² + 2x − 1 = 0

ಎಂಬ ವರ್ಗಸಮೀಕರಣ ಬರುತ್ತದೆ. ಇದರ ಧನ ಮೂಲ (√5 − 1)/4, ಎಂದರೆ ಸುಮಾರು 0.3090. ಕೋಷ್ಟಕವನ್ನು ತೆರೆದು ನೋಡಿದರೆ cos 72° ಅದೇ ಆಗಿದೆ. ಋಣ ಮೂಲವನ್ನೂ ಎಸೆಯಬೇಕಾಗಿಲ್ಲ, −0.8090 ಎಂಬ ಅದು cos 144°ಯೇ. ಸ್ಕೇಲು ಮತ್ತು ಕೈವಾರಗಳಿಂದ ವರ್ಗಮೂಲಗಳನ್ನು ರಚಿಸಬಹುದಾದ್ದರಿಂದ ಸಮಪಂಚಭುಜವನ್ನೂ ರಚಿಸಬಹುದೆಂಬುದು ಇಲ್ಲಿಂದಲೇ ತಿಳಿಯುತ್ತದೆ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ಹದಿನೇಳು ಅರಗಳ ಗಾಲಿಯಲ್ಲಿ ಕೊಸೈನುಗಳನ್ನು ಜಾಣತನದಿಂದ ಗುಂಪುಗೂಡಿಸಿ, ಒಂದರ ಮೇಲೊಂದಾಗಿ ವರ್ಗಸಮೀಕರಣಗಳನ್ನೇ ಬಿಡಿಸುತ್ತ ಹದಿನೇಳು ಭುಜಗಳ ಸಮಾಕೃತಿಯೂ ರಚನೀಯವೆಂದು ತೋರಿಸಿದನು. ಏಳು ಅರಗಳಿದ್ದಾಗ ಈ ದಾರಿ ಮುಚ್ಚಿಹೋಗುತ್ತದೆ, ಅಲ್ಲಿ ಬರುವುದು ಘನಸಮೀಕರಣ.

ಈಗ ನಮ್ಮ ಮೊದಲ ಲೆಕ್ಕಕ್ಕೆ ಬರೋಣ. ಗಾಲಿಯ ಮೊದಲ ಅರವು 0°ಯಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. ಸೊನ್ನೆ ಬಾಣವನ್ನು ಎಷ್ಟು ತಿರುಗಿಸಿದರೂ ಸೊನ್ನೆಯೇ ಆದ್ದರಿಂದ, ಮೂರು ಅರಗಳ ಗಾಲಿಯನ್ನು ಯಾವ θ ಕೋನದಿಂದ ಆರಂಭಿಸಿದರೂ

cos θ + cos(θ + 120°) + cos(θ + 240°) = 0.

θ = 40° ಎಂದಿಡಿ. ಕೋನಗಳು 40°, 160°, 280° ಆಗುತ್ತವೆ. 280°ಯ ಕೊಸೈನು 80°ಯ ಕೊಸೈನೇ. ಲೆಕ್ಕದ ಗುಟ್ಟು ಇಷ್ಟೇ: ಅದು ಮೂರು ಅರಗಳ ಗಾಲಿ, 280ನ್ನು 80ರ ವೇಷದಲ್ಲಿ ಮರೆಮಾಡಲಾಗಿದೆ.

ಗುಟ್ಟು ತಿಳಿದವರಿಗೆ ಇನ್ನೂ ಕಠಿಣವಾದ ಪ್ರಶ್ನೆಗಳು ಸುಲಭವಾಗುತ್ತವೆ. ಇದೇ ಮೂರು ಕೊಸೈನುಗಳ ವರ್ಗಗಳ ಮೊತ್ತವೆಷ್ಟು? cos²θ = (1 + cos 2θ)/2 ಎಂಬ ಸೂತ್ರವನ್ನು ಪ್ರತಿ ಪದಕ್ಕೂ ಹಚ್ಚಿದರೆ ಮೂರು ಅರ್ಧಗಳು ಬರುತ್ತವೆ; ಅವುಗಳ ಜೊತೆಗೆ 2θ, 2θ + 240°, 2θ + 480° ಕೋನಗಳ ಕೊಸೈನುಗಳ ಅರ್ಧ ಬರುತ್ತದೆ. 480° ಎಂದರೆ 120°ಯೇ. ಅರಗಳು ಸ್ಥಾನಪಲ್ಲಟವಾಗಿವೆಯೇ ಹೊರತು ಗಾಲಿ ಅದೇ, ಅದರ ಮೊತ್ತ ಸೊನ್ನೆ. ಆದುದರಿಂದ ವರ್ಗಗಳ ಮೊತ್ತ 3/2, θ ಎಷ್ಟೇ ಇರಲಿ.

ಇನ್ನು ಘನಗಳು. ಮೊದಲ ಘಾತಗಳ ಮೊತ್ತ ಸೊನ್ನೆಯಾಯಿತು, ಬೆಸ ಘಾತವಾದ ಘನದ ಮೊತ್ತವೂ ಸೊನ್ನೆಯೇ ಇರಬೇಕೆಂದು ಊಹಿಸುವವರುಂಟು. ನೋಡೋಣ.

cos³θ = (3 cos θ + cos 3θ)/4

ಮೂರು ಪದಗಳನ್ನು ಕೂಡಿದಾಗ cos θ ಇರುವ ಭಾಗವು ಅಳಿಯುತ್ತದೆ. ಆದರೆ cos 3θ ಇರುವ ಭಾಗದ ಕೋನಗಳು 3θ, 3θ + 360°, 3θ + 720°. ಇಲ್ಲಿ ಒಂದೊಂದು ಹೆಜ್ಜೆಯೂ ಪೂರ್ಣ ಸುತ್ತು! ಮೂರು ಬಾಣಗಳೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಅವು ಅಳಿಯುವುದಿಲ್ಲ, ಮೂರುಪಟ್ಟಾಗುತ್ತವೆ. (ω − 1)S = 0 ಎಂಬಲ್ಲಿ ω ಇದ್ದ ಜಾಗಕ್ಕೆ ω³ ಬಂದು, ಅದು 1 ಆದ್ದರಿಂದ, ವಾದದ ಬುಡವೇ ಕಳಚಿತು. ಮೊತ್ತವು (3/4) cos 3θ. θ = 40° ಆದಾಗ 3θ = 120°, ಆದುದರಿಂದ

cos³40° + cos³80° + cos³160° = −3/8.

ಕೋಷ್ಟಕದಿಂದ 0.4495, 0.0052, −0.8298 ಎಂಬ ಬೆಲೆಗಳನ್ನು ಕೂಡಿ ನೋಡಿರಿ: −0.3751. ಕಡೆಯ ಸ್ಥಾನದ ಅಲ್ಪ ವ್ಯತ್ಯಾಸವು ದಶಮಾಂಶಗಳನ್ನು ಮೊಟಕುಗೊಳಿಸಿದ್ದರ ಫಲ. ಪರೀಕ್ಷಿಸುವಾಗ ಒಂದು ಎಚ್ಚರಿಕೆ ಇರಲಿ. θ = 30° ಎಂದು ಆರಿಸಿದ್ದರೆ cos 90° ಬಂದು ಘನಗಳ ಮೊತ್ತವೂ ಸೊನ್ನೆಯೆಂದೇ ತೋರುತ್ತಿತ್ತು. ಒಂದು ಬೆಲೆಗೆ ತಾಳೆಯಾದ ಮಾತ್ರಕ್ಕೆ ಎಲ್ಲ ಬೆಲೆಗಳಿಗೂ ಆಗುವುದೆಂದು ನಂಬುವಂತಿಲ್ಲ.

ಸಾಮಾನ್ಯವಾಗಿ ಹೇಳುವುದಾದರೆ, n ಅರಗಳ ಗಾಲಿಯಲ್ಲಿ ಪ್ರತಿಯೊಂದು ಕೋನವನ್ನೂ m ಪಟ್ಟು ಮಾಡಿದಾಗ, n ಎಂಬುದು mನ್ನು ನಿಶ್ಶೇಷವಾಗಿ ಭಾಗಿಸದಿದ್ದರೆ ಮೊತ್ತ ಸೊನ್ನೆ. ಭಾಗಿಸಿದರೆ ಒಂದು ಬಾಣದ n ಪಟ್ಟು. ನಡುವೆ ಬೇರೊಂದು ಸ್ಥಿತಿಯಿಲ್ಲ.

ಇದು ಕಾಗದದ ಮೇಲಿನ ವಿನೋದವಷ್ಟೇ ಅಲ್ಲ. ಬೀದಿಯ ವಿದ್ಯುತ್ ಕಂಬದಲ್ಲಿ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಮೂರು ಫೇಸ್‌ಗಳ ವಿದ್ಯುತ್ಪ್ರವಾಹಗಳು ಕಾಲದಲ್ಲಿ ಒಂದಕ್ಕೊಂದು 120° ಹಿಂದೆ ಬೀಳುತ್ತ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತವೆ. ಮೂರಕ್ಕೂ ಮರಳುವ ದಾರಿ ನ್ಯೂಟ್ರಲ್. ಮೂರರ ಭಾರವೂ ಸಮನಾಗಿದ್ದರೆ ಅದರಲ್ಲಿ ಹರಿಯುವುದು ನಮ್ಮ ಮೂರು ಕೊಸೈನುಗಳ ಮೊತ್ತ, ಎಂದರೆ ಸೊನ್ನೆ. ವರ್ಗಗಳ ಮೊತ್ತ 3/2 ಎಂಬ ಫಲಕ್ಕೂ ಇಲ್ಲಿ ಅರ್ಥವುಂಟು: ವಿದ್ಯುತ್ ಒಲೆಯಂಥ ಭಾರಗಳಲ್ಲಿ ಸಾಮರ್ಥ್ಯವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಮೂರು ಫೇಸ್‌ಗಳ ಒಟ್ಟು ಸಾಮರ್ಥ್ಯವು ಏರಿಳಿಯದೆ ಒಂದೇ ಸಮನೆ ಇರುತ್ತದೆ. ಎರಡೇ ಅರಗಳ ಗಾಲಿಯಲ್ಲಿ ಈ ಗುಣವಿಲ್ಲ. ಅಲ್ಲಿ ಕೋನವನ್ನು ಇಮ್ಮಡಿಸಿದರೆ 180° ಪೂರ್ಣ ಸುತ್ತಾಗಿಬಿಡುತ್ತದೆ.

ಘನಗಳ ಪಾಠವೂ ಇದೇ ತಂತಿಗಳಲ್ಲಿ ಕಾಣಸಿಗುತ್ತದೆ. ಕಂಪ್ಯೂಟರುಗಳು, ಎಲ್‌ಇಡಿ ದೀಪಗಳು ಮುಂತಾದ ಉಪಕರಣಗಳಲ್ಲಿ ಅನೇಕವು ಶುದ್ಧವಾದ ಕೊಸೈನ್ ಅಲೆಯಂತೆ ಪ್ರವಾಹವನ್ನು ಎಳೆದುಕೊಳ್ಳುವುದಿಲ್ಲ. 50 ಹರ್ಟ್ಸಿನ ಮೂಲ ಅಲೆಯ ಜೊತೆಗೆ ಅದರ ಮೂರುಪಟ್ಟು ವೇಗದ, 150 ಹರ್ಟ್ಸಿನ ಅಲೆಯನ್ನೂ ಬೆರೆಸುತ್ತವೆ. ಇದಕ್ಕೆ ಮೂರನೆಯ ಹಾರ್ಮೋನಿಕ್ ಎಂದು ಹೆಸರು. ಮೂಲ ಅಲೆಯ 120°, ಮೂರನೆಯ ಹಾರ್ಮೋನಿಕ್‌ಗೆ 360° ಆಗುತ್ತದೆ. ಒಂದೊಂದು ಫೇಸ್‌ನಲ್ಲೂ ಮೂಲ ಅಲೆ 10 ಆಂಪಿಯರ್, ಮೂರನೆಯ ಹಾರ್ಮೋನಿಕ್ 4 ಆಂಪಿಯರ್ ಇದೆಯೆನ್ನೋಣ. ಫೇಸ್ ತಂತಿಯ ಒಟ್ಟು ಪ್ರವಾಹ √(10² + 4²), ಸುಮಾರು 10.8 ಆಂಪಿಯರ್. ನ್ಯೂಟ್ರಲ್‌ನಲ್ಲಿ ಮೂಲ ಅಲೆಗಳು ಮೂರೂ ಅಳಿಯುತ್ತವೆ, ಹಾರ್ಮೋನಿಕ್‌ಗಳು ಮೂರೂ ಕೂಡಿ 12 ಆಂಪಿಯರ್ ಆಗುತ್ತವೆ. ಖಾಲಿಯಾಗಿರಬೇಕಾಗಿದ್ದ ತಂತಿಯು ಫೇಸ್ ತಂತಿಗಳಿಗಿಂತ ಹೆಚ್ಚಿನ ಪ್ರವಾಹವನ್ನು ಹೊತ್ತಿದೆ. ಅದನ್ನು ಫೇಸ್ ತಂತಿಗಿಂತ ತೆಳುವಾಗಿ ಹಾಕಿದ್ದರೆ ಅದು ಬಿಸಿಯೇರುತ್ತದೆ.

ನ್ಯೂಟ್ರಲ್ ಬಿಸಿಯಾದಾಗ ವಿದ್ಯುತ್ ಕೆಲಸದವರು ಮೊದಲು ಸಂಶಯಿಸುವುದು ಭಾರದ ಅಸಮತೆಯನ್ನು. ಕೆಲವು ದೀಪಗಳನ್ನು ಒಂದು ಫೇಸ್‌ನಿಂದ ಇನ್ನೊಂದಕ್ಕೆ ಬದಲಿಸಿ ನೋಡುತ್ತಾರೆ. ಕಾರಣ ಅಸಮತೆಯೇ ಆಗಿದ್ದರೆ ಇದರಿಂದ ಪ್ರವಾಹ ಇಳಿಯುತ್ತದೆ. ಹಾರ್ಮೋನಿಕ್ ಆಗಿದ್ದರೆ ಮೂರು ಫೇಸ್‌ಗಳನ್ನು ಎಷ್ಟೇ ಸಮ ಮಾಡಿದರೂ ಇಳಿಯದು. ಆಗ ಆವೃತ್ತಿಯನ್ನೂ ತೋರಿಸುವ ಮಾಪಕವನ್ನು ನ್ಯೂಟ್ರಲ್‌ಗೆ ಹಿಡಿದರೆ, 50 ಇರಬೇಕಾದಲ್ಲಿ 150 ಹರ್ಟ್ಸ್ ಕಾಣಿಸುತ್ತದೆ.