ಪೂರ್ವಾಧ್ಯಯನದ ಅಧ್ಯಾಯವನ್ನು ಕುರಿತು ಒಂದು ಪತ್ರ



ನಿಮ್ಮ ಮಹಾಪ್ರಬಂಧದ ಎರಡನೆಯ ಅಧ್ಯಾಯವನ್ನು ಆದ್ಯಂತ ಓದಿದೆನು. ವೀರಗಲ್ಲುಗಳನ್ನು ಕುರಿತು ಕೈಗೆ ಸಿಕ್ಕಿದ ಬರಹವೆಲ್ಲವನ್ನೂ ತೊಂಬತ್ತು ಪುಟಗಳಲ್ಲಿ ಶ್ರದ್ಧೆಯಿಂದ ಕೂಡಿಹಾಕಿರುವಿರಿ. ಆದರೆ ಸೊರಬದ ಸೀಮೆಯಲ್ಲಿ ತುರುಗೋಳಿನಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯನ್ನು ಕೊಟ್ಟವರು ಅರಸರೋ, ನಾಡಗಾವುಂಡರೋ, ಊರವರೋ ಎಂಬ ನಿಮ್ಮ ಪ್ರಶ್ನೆಯು ಆ ತೊಂಬತ್ತು ಪುಟಗಳಲ್ಲಿ ಒಮ್ಮೆಯೂ ತಲೆದೋರಲಿಲ್ಲ.

ಪರೀಕ್ಷಕನಾಗಿ ಹಲವು ಪ್ರಬಂಧಗಳನ್ನು ಓದಿದ ಮೇಲೆ ಇಂತಹ ಅಧ್ಯಾಯದ ಲಕ್ಷಣವನ್ನು ಗುರುತಿಸುವುದು ನನಗೆ ಅಭ್ಯಾಸವಾಗಿದೆ. ಪ್ರತಿಯೊಂದು ಪರಿಚ್ಛೇದವೂ ಒಬ್ಬ ವಿದ್ವಾಂಸರ ಹೆಸರಿನಿಂದ ಮೊದಲಾಗುತ್ತದೆ. ಏಳನೆಯದನ್ನು ಮೂರನೆಯದರ ಸ್ಥಾನದಲ್ಲಿಟ್ಟರೂ ಅರ್ಥಕ್ಕೆ ಯಾವ ಊನವೂ ಬಾರದು. ಅದು ಗ್ರಂಥಸೂಚಿಯೇ ಹೊರತು ಸಮೀಕ್ಷೆಯಲ್ಲ.

ಮೊದಲು ರೈಸರ ವಿಚಾರ. ಸೊರಬದ ಶಾಸನಗಳುಳ್ಳ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟವು 1904ರಲ್ಲಿ ಪ್ರಕಟವಾಯಿತು. ಅದರ ಪಾಠಗಳನ್ನೇ ಆಧರಿಸಿ ನೀವು ವಾದವನ್ನು ಕಟ್ಟುವುದರಿಂದ ಅದು ನಿಮಗೆ ಆಕರವೇ ಹೊರತು ಪೂರ್ವಾಧ್ಯಯನವಲ್ಲ. ಅದರ ಗುಣದೋಷಗಳ ಚರ್ಚೆ ಆಕರಗಳ ಅಧ್ಯಾಯಕ್ಕೆ ಸಲ್ಲಲಿ.

ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಎಂದು ಶಿಲ್ಪಪಟ್ಟಿಕೆಗಳನ್ನು ವರ್ಣಿಸುವ ಬರಹಗಳಿಗೆ ನೀವು ಧಾರಾಳವಾಗಿ ಪುಟಗಳನ್ನು ಕೊಟ್ಟಿರುವಿರಿ. ನನಗೂ ಅವು ಪ್ರಿಯವೇ. ಆದರೂ ಭೂಮಿಯನ್ನು ಕೊಟ್ಟವರಾರೆಂಬುದನ್ನು ಅಪ್ಸರೆಯರು ಹೇಳಲಾರರು. ಅವೆಲ್ಲಕ್ಕೂ ಒಂದು ವಾಕ್ಯ ಸಾಕು. ಸೆಟ್ಟರ್ ಮತ್ತು ಸೋಂಥೈಮರ್ ಸಂಪಾದಿಸಿದ 1982ರ ಸ್ಮಾರಕಶಿಲೆಗಳ ಸಂಕಲನವು ಅನ್ಯಪ್ರಾಂತಗಳಿಗೂ ವ್ಯಾಪಿಸಿದ್ದು; ಅದರಲ್ಲಿ ದತ್ತಿಯ ಪ್ರಸ್ತಾಪವುಳ್ಳ ಲೇಖನಗಳನ್ನಷ್ಟೇ ಉಳಿಸಿಕೊಳ್ಳಿರಿ.

ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನೂ ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಗ್ರಂಥವನ್ನೂ ಬಿಡಲಾಗದು. ಆದರೆ ಅವುಗಳ ಅಧ್ಯಾಯವಾರು ಸಾರಾಂಶ ಯಾರಿಗೂ ಬೇಡ. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂಬಿವುಗಳ ವಿಷಯದಲ್ಲಿ ಅವರು ಯಾವ ಯಾವ ಶಾಸನಗಳನ್ನು ಪ್ರಮಾಣವಾಗಿ ಹಿಡಿದರು, ದಾನಿಯನ್ನು ಪ್ರತ್ಯೇಕವಾಗಿ ವಿವೇಚಿಸಿದರೆ, ಸೊರಬದ ಕಲ್ಲುಗಳಿಗೆ ಆ ನಿರ್ಣಯವು ಒಪ್ಪುವುದೆ ಎಂದು ಪ್ರಶ್ನಿಸುತ್ತ ಇಬ್ಬರನ್ನೂ ಒಂದೇ ಪರಿಚ್ಛೇದದಲ್ಲಿ ಎದುರುಬದುರಾಗಿ ನಿಲ್ಲಿಸಿರಿ. ಅವರ ಮಾತು ಎಲ್ಲಿ ನಿಲ್ಲುವುದೋ ಅಲ್ಲಿ ನಿಮ್ಮ ಮೂರನೆಯ ಅಧ್ಯಾಯವು ಆರಂಭವಾಗಬೇಕು. ಮೌಖಿಕ ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ: ಹಿಂದಿನವರಿಗಿಂತ ನೀವು ಎಲ್ಲಿ ಭಿನ್ನರು?

ಕತ್ತರಿಸುವ ಭರದಲ್ಲಿ ನಿಮ್ಮ ಊಹೆಗೆ ವಿರುದ್ಧವಾದ ಹಳೆಯ ಬರಹವನ್ನು ಮಾತ್ರ ಕೈಬಿಡಬೇಡಿರಿ; ಅದು ಕಿರಿದಾದರೂ ಅದಕ್ಕೆ ಎರಡು ಪುಟ ಸಲ್ಲುವುದು.

ಪರಿಷ್ಕೃತ ಅಧ್ಯಾಯವು ಇಪ್ಪತ್ತೈದು ಪುಟಗಳನ್ನು ಮೀರದಿರಲಿ. ಅದರೊಡನೆ, ದಾನಿಯ ಹೆಸರಿರುವ ಸಾಲು ಸವೆದುಹೋಗಿರುವ ಶಾಸನಗಳ ಪಟ್ಟಿಯೊಂದನ್ನು ಬೇರೆಯಾಗಿ ತನ್ನಿರಿ. ಅವನ್ನು ಯಾವ ಪಕ್ಷಕ್ಕೆ ಎಣಿಸಿದರೂ ಲೆಕ್ಕ ಕೆಡುವುದು.