ಹುಡುಕಾಟದ ಸೂಚಿ ಮತ್ತು ಮೂಲ ದಾಖಲೆ: ಭಾಗಶಃ ನವೀಕರಣದ ಕ್ರಮ

ಸಾವಿರಾರು ಬಗೆಯ ಸರಕುಗಳನ್ನು ಜಾಲತಾಣದ ಮೂಲಕ ಮಾರುವ ಸಂಸ್ಥೆಗಳಲ್ಲಿ ದರ, ದಾಸ್ತಾನುಗಳ ಅಧಿಕೃತ ದಾಖಲೆ ಇರುವುದು ಮೂಲ ಡೇಟಾಬೇಸಿನಲ್ಲಿ. ಗ್ರಾಹಕರು ಹುಡುಕುವುದು ಮಾತ್ರ ಅದರಿಂದ ಸಿದ್ಧಪಡಿಸಿದ ಪ್ರತ್ಯೇಕ ಸೂಚಿಯಲ್ಲಿ. ಸೂಚಿಯನ್ನು ಪ್ರತಿ ಬಾರಿಯೂ ಪೂರ್ತಿಯಾಗಿ ಕಟ್ಟುವುದು ದೀರ್ಘ ಕೆಲಸವಾದ್ದರಿಂದ, ನಿಗದಿತ ಅವಧಿಗೊಮ್ಮೆ ಬದಲಾದ ದಾಖಲೆಗಳನ್ನಷ್ಟೇ ಸೇರಿಸುವ ಪದ್ಧತಿ ರೂಢಿಯಲ್ಲಿದೆ. ಈ ಪದ್ಧತಿಯ ಕಣ್ಣಿಗೆ ಬೀಳದೆ ಉಳಿಯುವ ಬದಲಾವಣೆಗಳು ಮುಖ್ಯವಾಗಿ ಎರಡು ಬಗೆಯವು.

ಬೇರಿಂಗ್ ವ್ಯಾಪಾರಿಯೊಬ್ಬರ ಸೂಚಿ ಹತ್ತು ನಿಮಿಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ ಎಂದು ಭಾವಿಸಬಹುದು. ಗುಮಾಸ್ತರು ಒಂದು ಬೇರಿಂಗಿನ ದರವನ್ನು ತಿದ್ದಿದಾಗ ದಾಖಲೆಗೆ ಬಿದ್ದ ಸಮಯ 10:09:58. ಆದರೆ ಆ ವ್ಯವಹಾರ ಡೇಟಾಬೇಸಿನಲ್ಲಿ ಖಾಯಂ ಆದದ್ದು 10:10:03ಕ್ಕೆ. 10:10:00ಕ್ಕೆ ನಡೆದ ನವೀಕರಣಕ್ಕೆ ಹೊಸ ದರ ಕಾಣಲಿಲ್ಲ. 10:20ರ ನವೀಕರಣವು 10:10:00ರ ನಂತರದ ಬದಲಾವಣೆಗಳನ್ನಷ್ಟೇ ಕೇಳುವುದರಿಂದ, ಆ ದಾಖಲೆ ಮತ್ತೆ ತಿದ್ದುಪಡಿಯಾಗುವವರೆಗೂ ಸೂಚಿಯಲ್ಲಿ ಹಳೆಯ ದರವೇ ಉಳಿಯುತ್ತದೆ. ಇದಕ್ಕೆ ಪರಿಹಾರವೆಂದರೆ, ಹಿಂದಿನ ನವೀಕರಣ ಆರಂಭವಾದ ಸಮಯಕ್ಕಿಂತಲೂ ಎರಡು ನಿಮಿಷ ಹಿಂದಿನಿಂದ ಕೇಳುವುದು:

```sql
SELECT item_code, name, price, is_deleted, updated_at
FROM items
WHERE updated_at >= '2025-01-06 10:08:00';
```

ಕೆಲವು ದಾಖಲೆಗಳು ಎರಡು ಬಾರಿ ಬರುವುದರಿಂದ ತೊಂದರೆಯಿಲ್ಲ. ಸರಕಿನ ಸಂಕೇತವೇ ಸೂಚಿಯ ಕೀಲಿಯಾಗಿದ್ದರೆ ಹೊಸ ನಮೂದು ಹಳೆಯದರ ಸ್ಥಾನವನ್ನು ಪಡೆಯುತ್ತದೆ. ಈ ಅಂತರವು ಅತಿ ದೀರ್ಘ ವ್ಯವಹಾರಕ್ಕೆ ತಗಲುವ ಕಾಲಕ್ಕಿಂತ ಹೆಚ್ಚಿರಬೇಕು. ನವೀಕರಣ ವಿಫಲವಾದರೆ ಗುರುತಿನ ಸಮಯವನ್ನು ಮುಂದಕ್ಕೆ ಸರಿಸಬಾರದು.

ಎರಡನೆಯದು ಅಳಿಸಿಹಾಕಿದ ಸರಕು. ಮೂಲದಲ್ಲಿ ಸಾಲೇ ಇಲ್ಲವಾದರೆ ಮೇಲಿನ ಪ್ರಶ್ನೆಗೆ ಅದು ಉತ್ತರವಾಗಿ ಬರಲಾರದು. ಮಾರಾಟ ನಿಂತ ಸರಕು ಹುಡುಕಾಟದಲ್ಲಿ ತೋರುತ್ತಲೇ ಇರುತ್ತದೆ. ಆದ್ದರಿಂದ ಸಾಲನ್ನು ತಕ್ಷಣ ಅಳಿಸದೆ, `is_deleted` ಅಂಕಣದಲ್ಲಿ ಗುರುತು ಹಾಕಿ ಸಮಯವನ್ನೂ ಬದಲಿಸಬೇಕು. ನವೀಕರಣದ ಕಾರ್ಯಕ್ರಮವು ಆ ಗುರುತನ್ನು ಕಂಡು ಸೂಚಿಯಿಂದ ಸರಕನ್ನು ತೆಗೆಯುತ್ತದೆ.

ಇಷ್ಟಾದರೂ ರಾತ್ರಿ ಒಮ್ಮೆ ತಾಳೆ ನೋಡುವುದು ಅಗತ್ಯ. ಒಟ್ಟು ಸಂಖ್ಯೆಯ ತಾಳೆ ಸಾಲದು. ಒಂದು ಸರಕು ಬಿಟ್ಟುಹೋಗಿ ಇನ್ನೊಂದು ಹೆಚ್ಚಾಗಿ ಉಳಿದಿದ್ದರೆ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ. ಎರಡೂ ಕಡೆಯ ಸರಕು ಸಂಕೇತ, ದರ ಮತ್ತು ಬದಲಾವಣೆಯ ಸಮಯವನ್ನು ಹೋಲಿಸಿ, ವ್ಯತ್ಯಾಸವಿರುವ ಸಾಲುಗಳನ್ನಷ್ಟೇ ಸರಿಪಡಿಸಬೇಕು. ಪ್ರತಿ ರಾತ್ರಿಯೂ ವ್ಯತ್ಯಾಸ ಕಂಡುಬಂದರೆ, ಯಾವುದೋ ಕಾರ್ಯಕ್ರಮವು ಸಮಯವನ್ನು ಬದಲಿಸದೆಯೇ ದರ ತಿದ್ದುತ್ತಿದೆಯೇ ಎಂಬುದನ್ನು ಮೊದಲು ಪರಿಶೀಲಿಸುವುದು ಒಳಿತು.

ಎರಡು ನವೀಕರಣಗಳ ನಡುವೆ ಸೂಚಿ ಹಿಂದುಳಿದಿರುವುದು ಈ ಪದ್ಧತಿಯ ಸಹಜ ಮಿತಿ. ಆದಕಾರಣ ಸೂಚಿಯನ್ನು ಸರಕು ತೋರಿಸಲು ಮಾತ್ರ ಬಳಸಿ, ಬೇಡಿಕೆ ಖಚಿತಪಡಿಸುವ ಹಂತದಲ್ಲಿ ದರವನ್ನೂ ದಾಸ್ತಾನನ್ನೂ ಮೂಲ ಡೇಟಾಬೇಸಿನಿಂದಲೇ ಓದತಕ್ಕದ್ದು.